ಖಾತೆ ಪುಸ್ತಕದ ಫೋಟೊದಿಂದ ಜಮಾ–ಖರ್ಚಿನ ಪಟ್ಟಿಗೆ: ಒಂದು ಪುಟದ ಕೆಲಸ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ನನ್ನ ಸೋದರಮಾವನ ದಿನಸಿ ಅಂಗಡಿ ಇದೆ. ಅಂಗಡಿಯನ್ನು ಈಗ ಅವರ ಮಗ ವಹಿಸಿಕೊಳ್ಳುತ್ತಿದ್ದಾನೆ. ಕೈಬರಹದ ಖಾತೆ ಪುಸ್ತಕಗಳಲ್ಲಿರುವ ಉದ್ರಿ ಲೆಕ್ಕವನ್ನು ಕಂಪ್ಯೂಟರಿನ ಪಟ್ಟಿಗೆ ತಂದು, ಪ್ರತಿ ಮನೆಯ ಖಾತೆಯಲ್ಲಿಯೂ ಒಂದೊಂದು ವ್ಯವಹಾರ ಮುಗಿದ ಮೇಲೆ ಬಾಕಿ ಎಷ್ಟಾಯಿತು ಎಂಬುದನ್ನು ಸಾಲುಸಾಲಾಗಿ ತೋರಿಸಬೇಕೆಂದು ಅವನು ಕೇಳಿದ್ದನು. ಅಡಿಕೆ ಬೆಳೆಯುವ ಈ ಸೀಮೆಯಲ್ಲಿ ಮಳೆಗಾಲದ ಉದ್ದಕ್ಕೂ ಉದ್ರಿ ಏರುತ್ತಾ ಹೋಗಿ, ಕೊಯ್ಲು ಮುಗಿದು ಅಡಿಕೆ ಮಾರಾಟವಾದ ಮೇಲೆ ಒಮ್ಮೆಗೇ ಇಳಿಯುತ್ತದೆ. ಆದ್ದರಿಂದ ವರ್ಷದ ಕೊನೆಯ ಒಂದು ಅಂಕಿಯನ್ನಷ್ಟೇ ತೋರಿಸಿದರೆ ಗಿರಾಕಿಗೂ ಅಂಗಡಿಯವನಿಗೂ ಅದು ಹೇಗೆ ಬಂತೆಂದು ತಿಳಿಯುವುದಿಲ್ಲ. ಪ್ರತಿ ಸಾಲಿನ ಬಾಕಿಯೂ ಕಣ್ಣಿಗೆ ಕಾಣುವಂತಿರಬೇಕು.

ಹಲವು ಪುಟಗಳಲ್ಲಿ ಈ ಕೆಲಸ ನಡೆದಿದೆ. ಇಲ್ಲಿ ಒಂದೇ ಪುಟವನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಬರೆಯುತ್ತೇನೆ. ಅದು 2015ರ ಬಲಿಪಾಡ್ಯಮಿಯಂದು, ಅಂದರೆ ನವೆಂಬರ್ 12ರಂದು, ಹೊಸ ಪುಸ್ತಕ ಪೂಜೆ ಮಾಡಿ ತೆರೆದ ಖಾತೆ. ಗಿರಾಕಿಯ ಹೆಸರಿನ ಬದಲು ಅದನ್ನು ಮೇಲಿನಮನೆ ಖಾತೆ ಎಂದು ಕರೆಯುತ್ತೇನೆ.

ಪುಟವನ್ನು ಓದುವ ಕ್ರಮ

ಟೈಪ್ ಮಾಡಲು ಕೂರುವ ಮೊದಲು ಪುಸ್ತಕದ ರಚನೆಯನ್ನು ಅರ್ಥಮಾಡಿಕೊಳ್ಳಬೇಕು. ಮಾವನ ಪುಸ್ತಕ ಹಳೆಯ ಪದ್ಧತಿಯದು. ಪುಟದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಇದ್ದು, ಅದರ ಎಡಕ್ಕೆ ಜಮಾ, ಬಲಕ್ಕೆ ಖರ್ಚು ಬರುತ್ತದೆ. ಗಿರಾಕಿ ಕೊಟ್ಟ ಹಣ ಮತ್ತು ಅಡಿಕೆಯ ಬಾಬ್ತು ಎಡಕ್ಕೆ, ಗಿರಾಕಿ ಒಯ್ದ ಸಾಮಾನು ಮತ್ತು ಕೈಗಡ ಬಲಕ್ಕೆ. ಇಂದಿನ ಕಾಲೇಜುಗಳಲ್ಲಿ ಕಲಿಸುವ ಲೆಕ್ಕದ ಪುಸ್ತಕದಲ್ಲಿ ಡೆಬಿಟ್ ಎಡಕ್ಕೂ ಕ್ರೆಡಿಟ್ ಬಲಕ್ಕೂ ಇರುತ್ತವೆ. ವಾಣಿಜ್ಯ ಓದಿದವರು ಇಂಥ ಪುಟವನ್ನು ಮೊದಲ ಬಾರಿ ಕಂಡಾಗ ಎಡಗಡೆಯದ್ದನ್ನೆಲ್ಲ ಡೆಬಿಟ್ ಎಂದು ತೆಗೆದುಕೊಂಡರೆ ಇಡೀ ಖಾತೆ ತಿರುವುಮುರುವಾಗುತ್ತದೆ.

ಬ್ಯಾಂಕಿನ ಪಾಸ್‌ಬುಕ್ ನೋಡಿ ರೂಢಿಯಾದವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಆದರೆ ನಮ್ಮ ಹಣ ಹೆಚ್ಚುತ್ತದೆ, ಏಕೆಂದರೆ ಆ ಪುಸ್ತಕ ಬ್ಯಾಂಕಿನದು ಮತ್ತು ನಮಗೆ ಸಾಲಗಾರನಾಗಿರುವುದು ಬ್ಯಾಂಕು. ಅಂಗಡಿಯ ಖಾತೆಯಲ್ಲಿ ಸಾಲಗಾರನು ಗಿರಾಕಿ. ಹೀಗಾಗಿ ಸಾಮಾನು ಹೋದರೆ ಡೆಬಿಟ್, ಹಣ ಬಂದರೆ ಕ್ರೆಡಿಟ್, ಡೆಬಿಟ್ಟಿನಿಂದ ಕ್ರೆಡಿಟ್ಟನ್ನು ಕಳೆದರೆ ಉಳಿಯುವುದು ಗಿರಾಕಿಯಿಂದ ಬರಬೇಕಾದ ಬಾಕಿ. ಈ ಪಟ್ಟಿಯಲ್ಲಿ ಬಾಕಿಯ ಮುಂದೆ ಕಳೆಯುವ ಚಿಹ್ನೆ ಬಂದರೆ ಗಿರಾಕಿಯ ಮುಂಗಡ ಅಂಗಡಿಯಲ್ಲಿದೆ ಎಂದು ತಿಳಿಯಬೇಕು.

ಪುಟದ ತಳದಲ್ಲಿ ಮತ್ತೊಂದು ವಿಶೇಷವಿದೆ. ಮಾವ ಖಾತೆಯನ್ನು ಮುಂದಿನ ಪುಟಕ್ಕೆ ಒಯ್ಯುವಾಗ ಎರಡೂ ಬದಿಯ ಮೊತ್ತವನ್ನು ಸರಿದೂಗಿಸುತ್ತಾರೆ. ಮೇಲಿನಮನೆ ಖಾತೆಯಲ್ಲಿ ಬಲಬದಿಯ ಮೊತ್ತ 11,665 ಎಂದಿದೆ. ಎಡಬದಿಯಲ್ಲಿ ಕೊನೆಯ ಸಾಲಾಗಿ "ಬಾಕಿ ಮುಂದಕ್ಕೆ 3,165" ಎಂದು ಬರೆದು, ಅದರ ಕೆಳಗೂ 11,665 ಎಂದೇ ಹಾಕಿದ್ದಾರೆ. ಕಣ್ಣಿಗೆ ಈ 3,165 ಉಳಿದ ಜಮಾ ಸಾಲುಗಳಂತೆಯೇ ಕಾಣುತ್ತದೆ, ಆದರೆ ಆ ಹಣವನ್ನು ಯಾರೂ ಕೊಟ್ಟಿಲ್ಲ. ಅದನ್ನು ಜಮಾ ಎಂದು ಟೈಪ್ ಮಾಡಿದರೆ ಪುಟದ ಕೊನೆಯಲ್ಲಿ ಬಾಕಿ ಸೊನ್ನೆಯಾಗುತ್ತದೆ. ಸೊನ್ನೆ ಬಂದಿತೆಂದು ಲೆಕ್ಕ ಸರಿಯಾಯಿತೆನ್ನುವಂತಿಲ್ಲ, ಹಣ ಬಾರದೆಯೇ ಸಾಲ ತೀರಿದಂತೆ ಪಟ್ಟಿ ಹೇಳುತ್ತಿರುತ್ತದೆ.

ಫೋಟೊ

ಪುಸ್ತಕದ ಹಾಳೆ ಸುಮಾರು 8 ಇಂಚು ಅಗಲ, 13 ಇಂಚು ಉದ್ದ. ಪೆನ್ಸಿಲಿನ ಸಣ್ಣ ಅಂಕಿಗಳು ಸ್ಪಷ್ಟವಾಗಿ ಕಾಣಲು ಇಂಚಿಗೆ 300 ಬಿಂದುಗಳಾದರೂ ಬೇಕೆಂದಿಟ್ಟುಕೊಂಡರೆ ಚಿತ್ರವು 2400 × 3900 ಬಿಂದುಗಳಷ್ಟಾಗಬೇಕು. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ ಸಾಮಾನ್ಯವಾಗಿ 3000 × 4000 ಇರುತ್ತದೆ, ಹಾಗಾಗಿ ಹಾಳೆ ಚೌಕಟ್ಟನ್ನು ಪೂರ್ತಿ ತುಂಬಿದರೆ ಮಾತ್ರ ಈ ಮಟ್ಟ ಸಿಗುತ್ತದೆ. ಎರಡು ಪುಟಗಳನ್ನು ಒಂದೇ ಚಿತ್ರದಲ್ಲಿ ತೆಗೆದರೆ ಅರ್ಧ ವಿವರ ಕಳೆದುಹೋಗುತ್ತದೆ.

ಫ್ಲ್ಯಾಶ್ ಬಳಸಲಿಲ್ಲ, ಏಕೆಂದರೆ ಅದು ಪೆನ್ಸಿಲಿನ ಗೆರೆಯ ಮೇಲೆ ಹೊಳೆದು ಅಂಕಿಯನ್ನೇ ಅಳಿಸುತ್ತದೆ. ಹಾಳೆಯನ್ನು ಚಪ್ಪಟೆ ಮಾಡಲು ಮೇಲೆ ಗಾಜು ಇಡುವುದೂ ಅದೇ ಕಾರಣಕ್ಕೆ ಸರಿಬರುವುದಿಲ್ಲ. ಜಗಲಿಯ ಮೇಲೆ, ಒಂದೇ ಬದಿಯಿಂದ ಹಗಲಿನ ಬೆಳಕು ಬರುವ ಕಡೆ ಪುಸ್ತಕವನ್ನಿಟ್ಟು, ತೆರೆದ ಪುಟದ ಎದುರು ಬದಿಯ ಕೆಳಗೆ ಅಷ್ಟೇ ದಪ್ಪದ ಇನ್ನೊಂದು ಪುಸ್ತಕ ಕೊಟ್ಟು, ಎರಡೂ ಬದಿ ಒಂದೇ ಮಟ್ಟಕ್ಕೆ ಬರುವಂತೆ ಮಾಡಿದೆ. ಮಲೆನಾಡಿನ ಮಳೆಗಾಲಗಳನ್ನು ಕಂಡ ಪುಸ್ತಕವಾದ್ದರಿಂದ ಹಾಳೆಗಳು ಥಂಡಿ ಹಿಡಿದು ಅಲೆ ಅಲೆಯಾಗಿವೆ, ಶಾಯಿಯು ಹಿಂದಿನ ಬದಿಗೂ ಇಳಿದಿದೆ. ಹಾಳೆಯ ಕೆಳಗೆ ಕಪ್ಪು ರಟ್ಟು ಕೊಟ್ಟಾಗ ಹಿಂಬದಿಯ ಶಾಯಿ ಬಹಳ ಮಟ್ಟಿಗೆ ಮಸುಕಾಯಿತು.

ಮೂಲ ಫೋಟೊಗಳನ್ನು ಮುಟ್ಟದೆ ಬೇರೆ ಕಡೆ ಇರಿಸಿ, ಪ್ರತಿಗಳಿಗೆ ಪುಸ್ತಕದ ಪುಟಸಂಖ್ಯೆಯನ್ನೇ ಹೆಸರಾಗಿ ಕೊಟ್ಟೆ. ಇಲ್ಲಿನ ಪುಟ 41, ಆದ್ದರಿಂದ `p041.jpg`. ಓರೆಯನ್ನು ನೇರ ಮಾಡಲು ಮತ್ತು ಒಂದು ಬದಿಯ ನೆರಳನ್ನು ತೆಗೆಯಲು, ಓಪನ್‌ಸಿವಿ ಎಂಬ ಚಿತ್ರ ತಿದ್ದುವ ತಂತ್ರಾಂಶವನ್ನು ಬಳಸಿ ಪೈಥಾನ್ ಭಾಷೆಯಲ್ಲಿ ಬರೆದ ಈ ಕೆಲವು ಸಾಲುಗಳು ಸಾಕಾದವು. `src` ಎಂಬಲ್ಲಿರುವುದು ಚಿತ್ರದಲ್ಲಿ ಹಾಳೆಯ ನಾಲ್ಕು ಮೂಲೆಗಳ ಸ್ಥಾನ. ಎಡಮೇಲಿನಿಂದ ಆರಂಭಿಸಿ ಗಡಿಯಾರದ ಮುಳ್ಳು ತಿರುಗುವ ಕ್ರಮದಲ್ಲಿ ಅವುಗಳನ್ನು ಕೊಡಬೇಕು.

```python
import cv2, numpy as np
img = cv2.imread("p041.jpg")
src = np.float32([[212,180],[2790,240],[2835,3890],[160,3850]])
dst = np.float32([[0,0],[2400,0],[2400,3900],[0,3900]])
M = cv2.getPerspectiveTransform(src, dst)
flat = cv2.warpPerspective(img, M, (2400, 3900))
gray = cv2.cvtColor(flat, cv2.COLOR_BGR2GRAY)
bg = cv2.medianBlur(gray, 101)
clean = cv2.divide(gray, bg, scale=255)
cv2.imwrite("p041_flat.png", clean)
```

ಇಲ್ಲಿ `medianBlur` ಬರಹವನ್ನು ಅಳಿಸಿ ಹಾಳೆಯ ಬಣ್ಣ ಮತ್ತು ನೆರಳನ್ನು ಮಾತ್ರ ಉಳಿಸುತ್ತದೆ. ಮೂಲ ಚಿತ್ರವನ್ನು ಅದರಿಂದ ಭಾಗಿಸಿದಾಗ ನೆರಳು ಹೋಗಿ ಬರಹ ಉಳಿಯುತ್ತದೆ. ಚಿತ್ರವನ್ನು ಪೂರ್ತಿ ಕಪ್ಪು–ಬಿಳುಪಿಗೆ ತಿರುಗಿಸುವ ಹೆಜ್ಜೆಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಹಾಗೆ ಮಾಡಿದರೆ ಪೆನ್ನಿನ ಅಂಕಿಗಳು ಎದ್ದು ಕಾಣುತ್ತವೆ, ಆದರೆ ಮಾವ ಆಗಾಗ ಪೆನ್ಸಿಲಿನಲ್ಲಿ ಹಾಕಿಕೊಂಡಿರುವ ಬಾಕಿಯ ಅಂಕಿಗಳು ಮಾಯವಾಗುತ್ತವೆ. ಮುಂದಿನ ತಾಳೆಯೆಲ್ಲ ನಿಂತಿರುವುದು ಆ ಪೆನ್ಸಿಲಿನ ಅಂಕಿಗಳ ಮೇಲೆ.

ಅಕ್ಷರಗಳನ್ನು ಯಂತ್ರದಿಂದಲೇ ಓದಿಸಬಹುದಲ್ಲವೇ ಎಂದು ಮಾವನ ಮಗ ಕೇಳಿದನು. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡದ `kan` ಮಾದರಿ ಇದೆ, ಆದರೆ ಅದನ್ನು ರೂಪಿಸಿರುವುದು ಅಚ್ಚಿನ ಅಕ್ಷರಗಳಿಗಾಗಿ. ಅಂಗಡಿಯ ಗಡಿಬಿಡಿಯ ಕೈಬರಹಕ್ಕೆ ಅದು ಒಗ್ಗುವುದಿಲ್ಲ. ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಅಂಕಿ ಸರಿ ಓದಿದರೂ ಪ್ರಯೋಜನವಿಲ್ಲ, ಉಳಿದ ಒಂದೇ ಅಂಕಿ ಕೆಳಗಿನ ಎಲ್ಲ ಬಾಕಿಗಳನ್ನೂ ಕೆಡಿಸುತ್ತದೆ. ಹಾಗಾಗಿ ಓದುವ ಕೆಲಸವನ್ನು ಕಣ್ಣಿಗೇ ಬಿಟ್ಟು, ಓದಿದ್ದು ಸರಿಯೇ ಎಂದು ನೋಡುವ ಕೆಲಸವನ್ನು ಮಾತ್ರ ಲೆಕ್ಕಕ್ಕೆ ವಹಿಸಿದೆ.

ಟೈಪ್ ಮಾಡುವಾಗ

ಮಾವನ ಬರಹವನ್ನು ಚೆನ್ನಾಗಿ ಬಲ್ಲ ಅತ್ತೆ ಚಿತ್ರ ನೋಡಿ ಓದಿ ಹೇಳಿದರು, ನಾನು ಲಿಬ್ರೆಆಫೀಸ್ ಕ್ಯಾಲ್ಕಿನಲ್ಲಿ ಟೈಪ್ ಮಾಡಿದೆ. ಕಾಲಂಗಳು ಈ ಕ್ರಮದಲ್ಲಿವೆ: ಎ ಪುಟ, ಬಿ ಬದಿ ಮತ್ತು ಸಾಲು, ಸಿ ತಾರೀಕು, ಡಿ ವಿವರ, ಇ ಖರ್ಚು, ಎಫ್ ಜಮಾ, ಜಿ ಬಾಕಿ, ಎಚ್ ಪುಸ್ತಕದ ಬಾಕಿ, ಐ ವ್ಯತ್ಯಾಸ, ಜೆ ಟಿಪ್ಪಣಿ. ಬಿ ಕಾಲಂನಲ್ಲಿ "ಬಲ 4" ಎಂದಿದ್ದರೆ ಪುಟದ ಬಲಬದಿಯ ನಾಲ್ಕನೆಯ ಸಾಲು ಎಂದರ್ಥ. ಮುಂದೆ ಯಾರಾದರೂ ಒಂದು ಅಂಕಿಯನ್ನು ಪ್ರಶ್ನಿಸಿದಾಗ ಫೋಟೊದಲ್ಲಿ ಆ ಸಾಲನ್ನು ತಕ್ಷಣ ತೋರಿಸಲು ಈ ಎರಡು ಕಾಲಂಗಳು ಬೇಕು.

ಮಾವ ಅಂಕಿಗಳನ್ನು ಕನ್ನಡದಲ್ಲಿ ಬರೆಯುತ್ತಾರೆ, ಪೈಸೆಯ ಜಾಗದಲ್ಲಿ "=೦೦" ಎಂದು ಹಾಕುತ್ತಾರೆ. ಅವರಿಲ್ಲದಾಗ ಮಗ ಬರೆದ ಸಾಲುಗಳಲ್ಲಿ ಇಂಗ್ಲಿಷ್ ಅಂಕಿಗಳಿದ್ದು, ಕೊನೆಗೆ ಓರೆಗೆರೆ ಮತ್ತು ಅಡ್ಡಗೆರೆ ಇರುತ್ತದೆ. ಆ ಓರೆಗೆರೆ ನೆಟ್ಟಗಾದರೆ 980/- ಎಂಬುದು 9801ರಂತೆ ಕಾಣುತ್ತದೆ. ಪಟ್ಟಿಯಲ್ಲಿ ಮಾತ್ರ ಎಲ್ಲವನ್ನೂ 0ರಿಂದ 9ರವರೆಗಿನ ಅಂಕಿಗಳಲ್ಲೇ ಟೈಪ್ ಮಾಡಿದೆ. ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದ ಮೊತ್ತವನ್ನು ಪಟ್ಟಿಯ ತಂತ್ರಾಂಶ ಸಂಖ್ಯೆಯೆಂದು ಗ್ರಹಿಸದೆ ಬರಿಯ ಅಕ್ಷರವೆಂದು ಇಟ್ಟುಕೊಳ್ಳುವ ಅಪಾಯವಿದೆ, ಮತ್ತು `SUM` ಅಂಥ ಕೋಶವನ್ನು ಯಾವ ಎಚ್ಚರಿಕೆಯನ್ನೂ ಕೊಡದೆ ಬಿಟ್ಟುಬಿಡುತ್ತದೆ. ಮೊತ್ತದ ಪಕ್ಕದಲ್ಲಿ "ರೂ." ಎಂದು ಸೇರಿಸಿದರೂ ಹಾಗೆಯೇ ಆಗುತ್ತದೆ. ಇದನ್ನು ಹಿಡಿಯಲು ಒಂದು ಖಾಲಿ ಕೋಶದಲ್ಲಿ ಈ ಸೂತ್ರವನ್ನಿಟ್ಟಿದ್ದೇನೆ:

```
=COUNTA(E2:F13)-COUNT(E2:F13)
```

ತುಂಬಿದ ಕೋಶಗಳ ಎಣಿಕೆಯಿಂದ ಸಂಖ್ಯೆಯಿರುವ ಕೋಶಗಳ ಎಣಿಕೆಯನ್ನು ಇದು ಕಳೆಯುತ್ತದೆ. ಉತ್ತರ 0 ಆಗಿರಲೇಬೇಕು.

ತಾರೀಕಿನಲ್ಲಿ ಪುಸ್ತಕವು ದಿನ ಮತ್ತು ತಿಂಗಳನ್ನಷ್ಟೇ ಕೊಡುತ್ತದೆ. "12-11" ಎಂದು ಹಾಗೆಯೇ ಟೈಪ್ ಮಾಡಿದರೆ ತಂತ್ರಾಂಶವು ಈಗ ನಡೆಯುತ್ತಿರುವ ವರ್ಷವನ್ನು ತಾನೇ ಸೇರಿಸಬಹುದು, ಅಥವಾ ತನ್ನ ಭಾಷೆಯ ಹೊಂದಿಕೆಗೆ ತಕ್ಕಂತೆ ಡಿಸೆಂಬರ್ 11 ಎಂದು ಓದಬಹುದು. ದೀಪಾವಳಿಯಿಂದ ದೀಪಾವಳಿಗೆ ನಡೆಯುವ ಪುಸ್ತಕದಲ್ಲಿ ಡಿಸೆಂಬರಿನ ನಂತರ ವರ್ಷ ಬದಲಾಗುತ್ತದೆಂಬುದನ್ನು ಮರೆತರೆ, ತಾರೀಕಿನ ಪ್ರಕಾರ ಜೋಡಿಸಿದಾಗ ಜನವರಿಯ ಸಾಲುಗಳು ನವೆಂಬರಿಗಿಂತ ಮೇಲೆ ಹೋಗಿ ಕೂರುತ್ತವೆ. ಆದ್ದರಿಂದ ಪ್ರತಿ ತಾರೀಕನ್ನೂ `2015-11-12` ಎಂಬಂತೆ ಪೂರ್ತಿಯಾಗಿ ಬರೆದೆ. ಮೇಲಿನ ತಾರೀಕೇ ಎಂದು ಸೂಚಿಸಲು ಮಾವ ಹಾಕುವ ಎರಡು ಸಣ್ಣ ಗೀಟುಗಳ ಜಾಗದಲ್ಲಿಯೂ ನಿಜವಾದ ತಾರೀಕನ್ನೇ ತುಂಬಿದೆ, ಏಕೆಂದರೆ ಸಾಲುಗಳ ಸ್ಥಾನ ಬದಲಾದ ಮೇಲೆ ಆ ಗೀಟುಗಳು ಯಾವ ತಾರೀಕಿಗೂ ಸೇರದೆ ಹೋಗುತ್ತವೆ.

ಮೊದಲು ಬಲಬದಿಯ ಒಂಬತ್ತು ಸಾಲುಗಳನ್ನು ಖರ್ಚಿನ ಕಾಲಂಗೂ, ಬಳಿಕ ಎಡಬದಿಯ ಮೂರು ಸಾಲುಗಳನ್ನು ಜಮಾ ಕಾಲಂಗೂ ಹಾಕಿ, ಕೊನೆಗೆ ಎಲ್ಲವನ್ನೂ ತಾರೀಕಿನ ಕ್ರಮಕ್ಕೆ ತಂದೆ. ಒಂದೇ ದಿನ ಸಾಮಾನೂ ಹೋಗಿ ಹಣವೂ ಬಂದಿದ್ದರೆ ಯಾವುದು ಮೊದಲು ನಡೆಯಿತೆಂದು ಇಂಥ ಪುಸ್ತಕದಿಂದ ತಿಳಿಯುವುದಿಲ್ಲ. ಖರ್ಚನ್ನು ಮೊದಲು ಇಡುವುದೆಂದು ನಿಯಮ ಮಾಡಿಕೊಂಡೆ, ಹೇಗಿಟ್ಟರೂ ಆ ದಿನದ ಕೊನೆಯ ಬಾಕಿ ಬದಲಾಗುವುದಿಲ್ಲ. ಹೊಡೆದು ಹಾಕಿದ ಸಾಲುಗಳು ಬೇರೆ ಪುಟಗಳಲ್ಲಿ ಸಿಕ್ಕಿವೆ. ಅವನ್ನು ಬಿಡದೆ, ಮೊತ್ತದ ಕೋಶವನ್ನು ಖಾಲಿಯಿಟ್ಟು, ಟಿಪ್ಪಣಿಯಲ್ಲಿ "ಹೊಡೆದಿದೆ" ಎಂದು ಬರೆದು ಉಳಿಸಿಕೊಂಡಿದ್ದೇನೆ.

ಸಾಲುಸಾಲಿನ ಬಾಕಿ

ಹೆಚ್ಚಿನವರು ಬಾಕಿಗೆ ಬಳಸುವ ಸೂತ್ರ "ಮೇಲಿನ ಬಾಕಿ, ಕೂಡು ಖರ್ಚು, ಕಳೆ ಜಮಾ" ಎಂಬುದು. ಕೈಯಲ್ಲಿ ಲೆಕ್ಕ ಹಾಕುವಾಗ ಅದು ಸರಿಯೇ. ಪಟ್ಟಿಯಲ್ಲಿ ಮಾತ್ರ, ಬಿಟ್ಟುಹೋದ ಒಂದು ಸಾಲನ್ನು ನಂತರ ನಡುವೆ ಸೇರಿಸಿದರೆ, ಕೆಳಗಿನ ಸಾಲಿನ ಸೂತ್ರವು ಹಳೆಯ ಕೋಶವನ್ನೇ ಹಿಡಿದುಕೊಂಡಿರುವುದರಿಂದ ಹೊಸ ಸಾಲಿನ ಮೊತ್ತವು ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಾಗಿ ಪ್ರತಿ ಸಾಲಿನಲ್ಲಿಯೂ ಆರಂಭದಿಂದ ಆ ಸಾಲಿನವರೆಗಿನ ಪೂರ್ತಿ ಮೊತ್ತವನ್ನು ಕೂಡಿ ಕಳೆಯುವಂತೆ ಮಾಡಿದೆ. ಜಿ2 ಮತ್ತು ಐ2 ಕೋಶಗಳಲ್ಲಿ ಕ್ರಮವಾಗಿ ಹೀಗೆ ಬರೆದು ಕೆಳಕ್ಕೆ ಎಳೆದರೆ ಸಾಕು:

```
=SUM(E$2:E2)-SUM(F$2:F2)
=IF(H2="","",G2-H2)
```

ಸೂತ್ರ ಎಳೆಯುವುದು ಸಾಲುಗಳನ್ನು ತಾರೀಕಿನ ಕ್ರಮಕ್ಕೆ ತಂದ ಮೇಲೆ ಆಗಬೇಕು. ನಡುವೆ ಸಾಲು ಸೇರಿಸಿದಾಗ ಆ ಒಂದು ಸಾಲಿಗೆ ಮಾತ್ರ ಸೂತ್ರವನ್ನು ಮತ್ತೆ ಕೊಟ್ಟರೆ ಸಾಕು.

ಎಚ್ ಕಾಲಂ ಈ ಇಡೀ ಕೆಲಸದ ಬೆನ್ನೆಲುಬು. ಪುಸ್ತಕದಲ್ಲಿ ಎಲ್ಲೆಲ್ಲಿ ಬಾಕಿ ಬರೆದಿದೆಯೋ ಅಲ್ಲಲ್ಲಿ, ಅದನ್ನು ಲೆಕ್ಕಕ್ಕೆ ಸೇರಿಸದೆ, ಇದ್ದ ಹಾಗೆಯೇ ಈ ಕಾಲಂಗೆ ಇಳಿಸಬೇಕು. ಅಂಗಡಿಯವನು ಅಂದಂದು ತನ್ನ ಮನಸ್ಸಿನಲ್ಲಿ ಹಾಕಿದ ಲೆಕ್ಕ ಮತ್ತು ನಾವು ಇಂದು ಚಿತ್ರದಿಂದ ಓದಿ ಹಾಕಿದ ಲೆಕ್ಕ ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿದವು. ಆದ್ದರಿಂದ ಅವೆರಡೂ ಒಂದೇ ಅಂಕಿಗೆ ಬಂದು ನಿಂತರೆ ಅಲ್ಲಿಯವರೆಗಿನ ಓದು ಸರಿಯಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ. ಮೇಲಿನಮನೆ ಖಾತೆಯಲ್ಲಿ ಇಂಥ ಎರಡು ನೆಲೆಗಳಿದ್ದವು: ಡಿಸೆಂಬರ್ 30ರ ಜಮಾ ಪಕ್ಕದಲ್ಲಿ ಪೆನ್ಸಿಲಿನ 5,900, ಮತ್ತು ಪುಟದ ತಳದ 3,165.

ತಾಳೆ ಬಾರದ 450

ಮೊದಲ ಬಾರಿ ಟೈಪ್ ಆದ ಪಟ್ಟಿಯಲ್ಲಿ ಡಿಸೆಂಬರ್ 30ರ ಬಾಕಿ 6,350 ಬಂತು. ಪುಸ್ತಕದಲ್ಲಿರುವುದು 5,900. ವ್ಯತ್ಯಾಸ 450, ನಮ್ಮದೇ ಹೆಚ್ಚು. ಇಲ್ಲಿ ಎಲ್ಲ ಸಾಲುಗಳನ್ನೂ ಮತ್ತೆ ಓದುವ ಮೊದಲು ವ್ಯತ್ಯಾಸವನ್ನೇ ಸ್ವಲ್ಪ ಪರೀಕ್ಷಿಸಬೇಕು. ಒಂದು ಮೊತ್ತದ ಎರಡು ಅಂಕಿಗಳು ಅದಲುಬದಲಾದರೆ ಆಗುವ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದು ಸೊನ್ನೆ ಹೆಚ್ಚೋ ಕಡಿಮೆಯೋ ಆದಾಗಲೂ ಹೀಗೆಯೇ, ಏಕೆಂದರೆ 500ಕ್ಕೂ 50ಕ್ಕೂ ಇರುವ ವ್ಯತ್ಯಾಸ 50ರ ಒಂಬತ್ತು ಪಟ್ಟು. 450 ಒಂಬತ್ತರಿಂದ ಭಾಗವಾಗುತ್ತದೆ.

ಅದಲುಬದಲಾದದ್ದು ನೂರು ಮತ್ತು ಹತ್ತರ ಸ್ಥಾನಗಳಾದರೆ, ಆ ಎರಡು ಅಂಕಿಗಳ ಅಂತರವನ್ನು 90ರಿಂದ ಗುಣಿಸಿದಷ್ಟು ವ್ಯತ್ಯಾಸ ಬರುತ್ತದೆ. 450ನ್ನು 90ರಿಂದ ಭಾಗಿಸಿದರೆ 5. ಎಂದರೆ, ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳಲ್ಲಿ 5ರ ಅಂತರವಿರುವ ಮೊತ್ತವನ್ನು ಹುಡುಕಬೇಕು. ಡಿಸೆಂಬರ್ 30ರವರೆಗಿನ ಸಾಲುಗಳಲ್ಲಿ ಅಂಥವು ಎರಡೇ ಇದ್ದವು: ನವೆಂಬರ್ 27ರ ಖರ್ಚು 1,720 ಮತ್ತು ಡಿಸೆಂಬರ್ 5ರ ಜಮಾ 1,500. ಜಮಾ ನಿಜಕ್ಕೂ 1,050 ಆಗಿದ್ದು ನಾವು 1,500 ಎಂದು ಹಾಕಿದ್ದರೆ ನಮ್ಮ ಬಾಕಿ ಪುಸ್ತಕದ್ದಕ್ಕಿಂತ ಕಡಿಮೆಯಾಗಬೇಕಿತ್ತು, ಆದರೆ ಅದು ಹೆಚ್ಚಾಗಿದೆ. ಆದ್ದರಿಂದ ಉಳಿದದ್ದು 1,720 ಒಂದೇ. ಒಂದು ಸೊನ್ನೆ ಹೆಚ್ಚಾಗಿ 50ರ ಬದಲು 500 ಆದ ಸಾಲು ಇದೆಯೇ ಎಂದೂ ನೋಡಿದೆ, ಅಂಥದು ಇರಲಿಲ್ಲ. ಚಿತ್ರದಲ್ಲಿ ಬಲಬದಿಯ ಮೂರನೆಯ ಸಾಲನ್ನು ದೊಡ್ಡದು ಮಾಡಿ ನೋಡಿದಾಗ ೧೨೭೦ ಎಂದು ಸ್ಪಷ್ಟವಾಗಿತ್ತು. ತಿದ್ದಿದ ಕೂಡಲೇ ಬಾಕಿ 5,900ಕ್ಕೆ ಬಂದು ನಿಂತಿತು.

ತಾಳೆ ಬಾರದ 100

ಇನ್ನು ಪುಟದ ಕೊನೆ. ಪಟ್ಟಿಯ ಬಾಕಿ 3,065, ಪುಸ್ತಕದ ಬಾಕಿ 3,165. ಈ ಬಾರಿಯ 100 ಒಂಬತ್ತರಿಂದ ಭಾಗವಾಗುವುದಿಲ್ಲ, ಎಂದರೆ ಅದಲುಬದಲಿನ ಪ್ರಶ್ನೆಯಿಲ್ಲ. ಹೀಗೆ ದುಂಡಗಿನ ವ್ಯತ್ಯಾಸ ಬಂದರೆ ಒಂದು ಸ್ಥಾನದ ಒಂದು ಅಂಕಿಯನ್ನು ತಪ್ಪಾಗಿ ಓದಿರುವುದೇ ಹೆಚ್ಚಿನ ಸಂಭವ.

ಡಿಸೆಂಬರ್ 30ರವರೆಗೆ ತಾಳೆಯಾಗಿರುವುದರಿಂದ ಹುಡುಕಬೇಕಾದದ್ದು ಅದರ ನಂತರದ ನಾಲ್ಕು ಸಾಲುಗಳಲ್ಲಿ ಮಾತ್ರ: ಖರ್ಚು 560, 980, 625 ಮತ್ತು ಜಮಾ 5,000. ಇಲ್ಲಿ ಮಾವ ತಳದಲ್ಲಿ ಬರೆದಿರುವ ಮೊತ್ತ ನೆರವಿಗೆ ಬಂತು. ಜಮಾ ಕಾಲಂನ ನಮ್ಮ ಮೊತ್ತ 8,500. ಅದಕ್ಕೆ ಪುಸ್ತಕದ ಬಾಕಿ 3,165 ಸೇರಿಸಿದರೆ 11,665 ಆಗಿ ಪುಸ್ತಕದೊಂದಿಗೆ ಕೂಡುತ್ತದೆ, ಹಾಗಾಗಿ ಜಮಾ ಬದಿ ಸರಿಯಿದೆ. ಖರ್ಚಿನ ನಮ್ಮ ಮೊತ್ತ 11,565, ಅದರಲ್ಲೇ 100 ಕಡಿಮೆ. 980 ಇದ್ದದ್ದು 1,080 ಆಗಲು ಅಂಕಿಗಳ ಸಂಖ್ಯೆಯೇ ಬದಲಾಗಬೇಕು, ಅದು ಕಣ್ತಪ್ಪಿನಿಂದ ಆಗುವ ಮಾತಲ್ಲ. ಉಳಿದದ್ದು 560 ಮತ್ತು 625. ಮೊದಲನೆಯದು 660 ಆಗಿರಬೇಕು, ಇಲ್ಲವೇ ಎರಡನೆಯದು 725 ಆಗಿರಬೇಕು.

ಕನ್ನಡ ಅಂಕಿಗಳಲ್ಲಿ ೬ ಮತ್ತು ೭ ಬೇಗ ಬರೆದಾಗ ತೀರ ಹತ್ತಿರ ಬರುತ್ತವೆ. ಚಿತ್ರದಲ್ಲಿ 625 ಎಂದು ಓದಿದ್ದ ಸಾಲನ್ನು ತೆರೆ ತುಂಬುವಷ್ಟು ದೊಡ್ಡದು ಮಾಡಿ ಮಾವನಿಗೇ ತೋರಿಸಿದೆ. "ಮಾವ, ಇದು ಆರೋ ಏಳೋ?" ಎಂದು ಕೇಳಿದಾಗ ಅವರು ಅದೇ ಪುಟದ ಮೇಲಿನ ಸಾಲಿನತ್ತ ಬೆರಳಿಟ್ಟು, "ಅಲ್ಲಿ ೩೪೬೦ ಇದೆಯಲ್ಲ, ಆ ಆರು ನೋಡು, ಬಾಲ ಗೆರೆ ದಾಟಿ ಕೆಳಗೆ ಇಳಿದಿದೆ. ಇದು ಇಳಿದಿಲ್ಲ. ಇದು ಏಳು" ಎಂದರು. ಒಬ್ಬರ ಕೈಬರಹದ ಸಂಶಯವನ್ನು ಅದೇ ಪುಟದ ನಿಸ್ಸಂಶಯವಾದ ಅಂಕಿಯೊಂದಿಗೆ ಹೋಲಿಸಿ ಬಗೆಹರಿಸುವ ಈ ಕ್ರಮವನ್ನು ಮುಂದಿನ ಪುಟಗಳಲ್ಲಿಯೂ ಅನುಸರಿಸಿದೆ. ಪ್ರತಿ ಪುಸ್ತಕಕ್ಕೂ ೦ಯಿಂದ ೯ರವರೆಗೆ ಮಾವನ ಅಂಕಿಗಳ ತುಣುಕುಗಳನ್ನು ಕತ್ತರಿಸಿ ಒಂದು ಚಿತ್ರವಾಗಿ ಜೋಡಿಸಿಟ್ಟುಕೊಂಡದ್ದರಿಂದ ಓದುವವರಿಗೆ ಬಹಳ ಅನುಕೂಲವಾಯಿತು.

ಇಲ್ಲಿ ಒಂದು ಎಚ್ಚರ ಅಗತ್ಯ. ಲೆಕ್ಕ ಕೂಡಬೇಕೆಂಬ ಕಾರಣಕ್ಕೆ 625ನ್ನು 725 ಮಾಡುವುದು ಸಲ್ಲದು. ವ್ಯತ್ಯಾಸವು ಎಲ್ಲಿ ನೋಡಬೇಕೆಂದು ಮಾತ್ರ ಹೇಳುತ್ತದೆ, ಅಂಕಿಯನ್ನು ಬದಲಿಸುವ ಅಧಿಕಾರ ಚಿತ್ರಕ್ಕೆ ಮಾತ್ರ ಇದೆ. ತಿದ್ದಿದ ಮೇಲೆ ಬಂದ ಪೂರ್ತಿ ಪಟ್ಟಿ ಹೀಗಿದೆ:

| ತಾರೀಕು | ವಿವರ | ಖರ್ಚು | ಜಮಾ | ಬಾಕಿ | ಪುಸ್ತಕದ ಬಾಕಿ |
|---|---|---|---|---|---|
| 12-11-2015 | ಹಿಂದಿನ ಬಾಕಿ | 3,460 | | 3,460 | |
| 18-11-2015 | ದಿನಸಿ | 845 | | 4,305 | |
| 27-11-2015 | ದಿನಸಿ, ಬೆಲ್ಲ | 1,270 | | 5,575 | |
| 27-11-2015 | ಕೈಗಡ | 2,000 | | 7,575 | |
| 05-12-2015 | ನಗದು | | 1,500 | 6,075 | |
| 09-12-2015 | ದಿನಸಿ | 690 | | 6,765 | |
| 21-12-2015 | ದಿನಸಿ | 1,135 | | 7,900 | |
| 30-12-2015 | ನಗದು | | 2,000 | 5,900 | 5,900 |
| 08-01-2016 | ಗೋಣಿಚೀಲ, ಹಗ್ಗ | 560 | | 6,460 | |
| 17-01-2016 | ದಿನಸಿ | 980 | | 7,440 | |
| 24-01-2016 | ಅಡಿಕೆ ಬಾಬ್ತು | | 5,000 | 2,440 | |
| 02-02-2016 | ದಿನಸಿ | 725 | | 3,165 | 3,165 |

ಬೇರೆ ಪುಟಗಳಲ್ಲಿ ಕಂಡದ್ದು

ಇನ್ನೊಂದು ಖಾತೆಯಲ್ಲಿ ವ್ಯತ್ಯಾಸ 640 ಬಂದಿತ್ತು. ವ್ಯತ್ಯಾಸ ಸರಿಸಂಖ್ಯೆಯಾಗಿದ್ದಾಗ ಅದರ ಅರ್ಧದಷ್ಟು ಮೊತ್ತದ ಸಾಲು ಇದೆಯೇ ಎಂದು ನೋಡುವುದು ಒಳ್ಳೆಯದು, ಏಕೆಂದರೆ ಒಂದು ಮೊತ್ತ ತಪ್ಪು ಕಾಲಂಗೆ ಹೋದರೆ ಬಾಕಿಯು ಆ ಮೊತ್ತದ ಎರಡು ಪಟ್ಟು ವ್ಯತ್ಯಾಸವಾಗುತ್ತದೆ. ಅಲ್ಲಿ 320 ರೂಪಾಯಿಯ ಸಾಲೊಂದಿತ್ತು. ವಿವರದಲ್ಲಿ "ಬೆಲ್ಲ" ಎಂದಿದ್ದುದರಿಂದ ಅದು ಖರ್ಚಿಗೆ ಹೋಗಿತ್ತು, ಆದರೆ ಅದು ಎಡಬದಿಯ ಸಾಲು. ಗಿರಾಕಿ ಬೆಲ್ಲವನ್ನು ವಾಪಸು ಕೊಟ್ಟಿದ್ದನು. ಯಾವ ಬದಿಯಲ್ಲಿ ಬರೆದಿದೆ ಎಂಬುದೇ ಕಾಲಂ ಅನ್ನು ನಿರ್ಧರಿಸಬೇಕು, ವಿವರದಲ್ಲಿರುವ ಸಾಮಾನಿನ ಹೆಸರಲ್ಲ.

ಮತ್ತೊಂದು ಪುಟದಲ್ಲಿ ಪ್ರತಿ ಸಾಲನ್ನೂ ಚಿತ್ರದೊಂದಿಗೆ ಹೋಲಿಸಿದ ಮೇಲೂ ವ್ಯತ್ಯಾಸ ಹೋಗಲಿಲ್ಲ. ಪುಸ್ತಕದಲ್ಲಿಯೇ ಕೂಡುವಾಗ ದಶಕ ಒಯ್ಯುವುದು ಬಿಟ್ಟುಹೋಗಿ ಬಾಕಿ 10 ರೂಪಾಯಿ ಕಡಿಮೆಯಾಗಿತ್ತು. ಅಂಥಲ್ಲಿ ವ್ಯವಹಾರದ ಸಾಲುಗಳನ್ನಾಗಲಿ ಎಚ್ ಕಾಲಂನ ಅಂಕಿಯನ್ನಾಗಲಿ ಮುಟ್ಟಬಾರದು. ವ್ಯತ್ಯಾಸವನ್ನು ಹಾಗೆಯೇ ತೋರಗೊಟ್ಟು ಟಿಪ್ಪಣಿ ಬರೆದಿದ್ದೇನೆ. ಗಿರಾಕಿ ಅಷ್ಟು ವರ್ಷ ಪುಸ್ತಕದ ಅಂಕಿಯನ್ನೇ ನಂಬಿ ಹಣ ಕೊಟ್ಟಿರುವುದರಿಂದ ಆ 10 ರೂಪಾಯಿ ಬಿಡುವುದೆಂದು ಮಾವ ಹೇಳಿದರು. ಅದನ್ನು "ಬಿಟ್ಟ ಬಾಕಿ" ಎಂದು ಆ ಮಾತು ನಡೆದ ದಿನದ ತಾರೀಕಿನಲ್ಲಿ ಪ್ರತ್ಯೇಕ ಜಮಾ ಸಾಲಾಗಿ ಸೇರಿಸಿದೆ.

ತಾಳೆಯಾದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ ಎಂಬುದನ್ನು ಮಾವನ ಮಗನಿಗೆ ಬಿಡಿಸಿ ಹೇಳಿದ್ದೇನೆ. ಒಂದೇ ಅವಧಿಯ ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿದ್ದರೆ ಈ ಪರೀಕ್ಷೆಗೆ ಅವು ಕಾಣುವುದಿಲ್ಲ. ತಾರೀಕಿನ ತಪ್ಪು ಮೊತ್ತವನ್ನು ಕೆಡಿಸದಿರುವುದರಿಂದ, ಆ ಸಾಲು ಎರಡು ನೆಲೆಗಳ ನಡುವೆಯೇ ಉಳಿದಿದ್ದರೆ ಅದೂ ಕಾಣುವುದಿಲ್ಲ. ಅಂಗಡಿಯವರು ಮೇಲಿನಮನೆಯ ಸಾಮಾನನ್ನು ಕೆಳಗಿನಮನೆಯ ಖಾತೆಗೆ ಬರೆದಿದ್ದರೆ ಎರಡೂ ಪುಟಗಳು ತಮ್ಮಷ್ಟಕ್ಕೆ ತಾಳೆಯಾಗಿಯೇ ಇರುತ್ತವೆ, ಅದನ್ನು ಹಿಡಿಯಲು ದಿನದ ಕಿರ್ದಿಯನ್ನು ತೆಗೆದು ನೋಡಬೇಕು. ಹಾಗೆಯೇ ಪುಸ್ತಕದಲ್ಲಿ ಬಾಕಿ ಬರೆದ ನೆಲೆಗಳು ದೂರದೂರವಿದ್ದಷ್ಟೂ ತಪ್ಪು ಎಲ್ಲಿದೆಯೆಂದು ಹುಡುಕುವ ಹರವು ದೊಡ್ಡದಾಗುತ್ತದೆ.

ಪುಟ 42ಕ್ಕೆ ಹೋಗುವಾಗ ಅಲ್ಲಿಯ ಬಲಬದಿಯ ಮೊದಲ ಸಾಲು "ಹಿಂದಿನ ಬಾಕಿ 3,165" ಎಂದಿದೆ. ಪುಟ 41ರಲ್ಲಿ ಹಿಂದಿನ ಬಾಕಿಯ 3,460ನ್ನು ಖರ್ಚಿಗೆ ಹಾಕಿದ್ದು ಅದು ಖಾತೆಯ ಆರಂಭವಾದ್ದರಿಂದ, ಅದಕ್ಕೂ ಹಿಂದಿನ ಸಾಲುಗಳು ಈ ಪಟ್ಟಿಯಲ್ಲಿ ಇಲ್ಲದ್ದರಿಂದ. ಪುಟ 42ರ 3,165 ಹಾಗಲ್ಲ, ಮೇಲಿನ ಹನ್ನೆರಡು ಸಾಲುಗಳಿಂದ ಅದು ಆಗಲೇ ಬಂದಾಗಿದೆ. ಅದನ್ನು ಖರ್ಚಿಗೆ ಹಾಕಿದರೆ ಗಿರಾಕಿಯ ಬಾಕಿ 6,330 ಆಗಿಬಿಡುತ್ತದೆ. ಆದ್ದರಿಂದ ಆ ಸಾಲಿನಲ್ಲಿ ಖರ್ಚು ಮತ್ತು ಜಮಾ ಎರಡನ್ನೂ ಖಾಲಿ ಬಿಟ್ಟು, ಎಚ್ ಕಾಲಂನಲ್ಲಿ ಮಾತ್ರ 3,165 ಬರೆದೆ. ಪುಟ ತಿರುಗಿಸುವಾಗ ಮಾವ ಅಂಕಿಯನ್ನು ಸರಿಯಾಗಿ ಇಳಿಸಿದ್ದಾರೆಯೇ ಎಂಬುದೂ ಅದರಿಂದಲೇ ತಿಳಿಯುತ್ತದೆ. ಈ ಖಾತೆಯಲ್ಲಿ ಐ ಕಾಲಂ 0 ತೋರಿಸಿತು.